ಬಣ್ಣ ತೆಗೆದು ನೋಡಿದ ಮೈನಾ

ಪರದೆಯ ಮೇಲೆ ಮೂರು ಹಕ್ಕಿಗಳಿವೆ. ಮೂರೂ ಮೈನಾಗಳು. ಚಿತ್ರಗಳನ್ನು ಬೇಕೆಂದೇ ಕಪ್ಪು ಬಿಳುಪು ಮಾಡಿಕೊಂಡು ತಂದಿದ್ದೇನೆ. ಹಳದಿ, ಕೆಂಪು, ನೀಲಿ ಯಾವುದೂ ಇಲ್ಲ. ಇವುಗಳಲ್ಲಿ ನಮ್ಮ ಊರಿನ ಗೊರವಂಕ ಯಾವುದು, ಕಾಡುಮೈನಾ ಯಾವುದು, ಉತ್ತರ ಭಾರತದ ದಂಡೆಮೈನಾ ಯಾವುದು ಎಂದು ಈಗಲೇ ಹೇಳಿಬಿಡಬಹುದು. ಹೇಗೆ ಎನ್ನುವುದೇ ಇವತ್ತಿನ ಮಾತು. ಬಣ್ಣದ ಚಿತ್ರಗಳನ್ನು ಆಮೇಲೆ ತೋರಿಸುತ್ತೇನೆ.

ಮೊದಲು ಹೆಸರುಗಳು. ಗೊರವಂಕ ಎಂದರೆ ಯಾರಿಗೂ ಅನುಮಾನವಿಲ್ಲ, ಅಂಗಳದಲ್ಲಿ, ಬಸ್ ನಿಲ್ದಾಣದಲ್ಲಿ, ಕಸದ ತೊಟ್ಟಿಯ ಅಂಚಿನಲ್ಲಿ ಠೀವಿಯಿಂದ ನಡೆದಾಡುವ ಹಕ್ಕಿ. ಕಾಡುಮೈನಾ ಮಲೆನಾಡಿನವರಿಗೆ, ಕೊಡಗಿನವರಿಗೆ ದಿನನಿತ್ಯದ ನೆಂಟ. ಹೆಸರಿನಲ್ಲಿ ಕಾಡು ಇದ್ದರೂ ಗದ್ದೆ, ತೋಟ, ಎಮ್ಮೆಯ ಬೆನ್ನು, ಊರಿನ ಹೊರವಲಯ ಎಲ್ಲ ಕಡೆಯೂ ಸಿಗುತ್ತದೆ. ಮೂರನೆಯದಕ್ಕೆ ನಮ್ಮ ಹಳ್ಳಿಗಳಲ್ಲಿ ಹೆಸರಿಲ್ಲ, ಏಕೆಂದರೆ ಆ ಹಕ್ಕಿ ನಮ್ಮ ಹಳ್ಳಿಗಳಲ್ಲಿ ಇಲ್ಲ. ಸಿಂಧೂ ಮತ್ತು ಗಂಗೆಯ ಬಯಲುಗಳೇ ಅದರ ತವರು. ನದಿಯ ಮಣ್ಣಿನ ದಂಡೆ, ಬಾವಿಯ ಒಳಗೋಡೆ, ಇಟ್ಟಿಗೆ ಗೂಡಿಗಾಗಿ ಮಣ್ಣು ಅಗೆದ ಹಳ್ಳದ ಬದಿ, ಇಂಥ ಕಡೆ ಬಿಲ ಕೊರೆದು ಗುಂಪುಗುಂಪಾಗಿ ಗೂಡು ಮಾಡುತ್ತದೆ. ಹಿಂದಿಯಲ್ಲಿ ದರಿಯಾ ಮೈನಾ ಎನ್ನುತ್ತಾರೆ. ನಾನು ದಂಡೆಮೈನಾ ಎಂದು ಕರೆಯುತ್ತೇನೆ, ನಿಮಗೆ ಬೇರೆ ಒಳ್ಳೆಯ ಹೆಸರು ಹೊಳೆದರೆ ಅದನ್ನೇ ಬಳಸಿ.

ಒಂದು ಸಣ್ಣ ತಮಾಷೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ದಂಡೆಮೈನಾದ ವೈಜ್ಞಾನಿಕ ಹೆಸರಿನ ಎರಡನೆಯ ಪದ ಜಿಂಜಿನಿಯಾನಸ್. ತಮಿಳುನಾಡಿನ ಸೆಂಜಿ ಕೋಟೆಯ ಹೆಸರು ಕೇಳಿದ್ದೀರಲ್ಲ, ಅದೇ ಜಿಂಜಿ. ಫ್ರೆಂಚ್ ಪ್ರವಾಸಿ ಸೊನ್ನೆರಾ ಈ ಹಕ್ಕಿಯನ್ನು ವರ್ಣಿಸುವಾಗ ಜಿಂಜಿಯ ಹೆಸರು ಹಚ್ಚಿದ. ಅದನ್ನೇ ಆಧರಿಸಿ ಇಂಗ್ಲೆಂಡಿನ ಲೇಥಮ್ 1790ರಲ್ಲಿ ಲ್ಯಾಟಿನ್ ಹೆಸರಿಟ್ಟ. ಪುದುಚೇರಿಯ ಪಕ್ಕದ ಊರಿನ ಹೆಸರನ್ನು ಗಂಗಾ ಬಯಲಿನ ಹಕ್ಕಿ ಇಂದಿಗೂ ಹೊತ್ತು ತಿರುಗುತ್ತಿದೆ. ಹೆಸರು ನೋಡಿ ಹಕ್ಕಿಯ ಊರು ಹೇಳಬೇಡಿ ಎಂದು ನಾನು ಹೊಸಬರಿಗೆ ಹೇಳುವಾಗ ಈ ಕಥೆಯನ್ನೇ ಉದಾಹರಣೆ ಕೊಡುತ್ತೇನೆ.

ಈಗ ಪರದೆಗೆ ಬನ್ನಿ. ಎಡಗಡೆಯ ಹಕ್ಕಿಯ ಕಣ್ಣನ್ನು ನೋಡಿ. ಕಣ್ಣಿನ ಕೆಳಗಿನಿಂದ ಶುರುವಾಗಿ ಹಿಂದಕ್ಕೆ ಚೂಪಾಗಿ ಹೋಗುವ ಒಂದು ತಿಳಿಯಾದ ಜಾಗವಿದೆ. ಅದು ಪುಕ್ಕವಲ್ಲ, ಪುಕ್ಕವಿಲ್ಲದ ಬೋಳು ಚರ್ಮ. ನಡುವಿನ ಹಕ್ಕಿಗೆ ಅಂಥ ಜಾಗವೇ ಇಲ್ಲ, ಕಣ್ಣಿನ ಅಂಚಿನವರೆಗೂ ಪುಕ್ಕ ಬಂದಿದೆ. ಬಲಗಡೆಯದಕ್ಕೆ ಮತ್ತೆ ಬೋಳು ಚರ್ಮವಿದೆ, ಎಡಗಡೆಯದರ ಹಾಗೆಯೇ. ಇಷ್ಟು ಒಂದನೆಯ ಪ್ರಶ್ನೆ: ಕಣ್ಣಿನ ಹಿಂದೆ ಬೋಳು ಚರ್ಮ ಇದೆಯೋ ಇಲ್ಲವೋ. ಇನ್ನು ಹಣೆಗೆ ಬನ್ನಿ. ಎಡಗಡೆಯ ಹಕ್ಕಿಯ ಹಣೆ ನುಣುಪಾಗಿದೆ, ಎಣ್ಣೆ ಹಚ್ಚಿ ಬಾಚಿದ ಹಾಗೆ. ನಡುವಿನದಕ್ಕೆ ಕೊಕ್ಕು ಹಣೆಯನ್ನು ಮುಟ್ಟುವ ಜಾಗದಲ್ಲಿ, ಮೂಗಿನ ಹೊಳ್ಳೆಗಳ ಮೇಲೆ, ನೆಟ್ಟಗೆ ನಿಂತ ಪುಕ್ಕದ ಕುಚ್ಚು. ಬಲಗಡೆಯದಕ್ಕೂ ಕುಚ್ಚು ಉಂಟು, ಆದರೆ ಗಿಡ್ಡ. ಇದು ಎರಡನೆಯ ಪ್ರಶ್ನೆ.

ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಬೋಳು ಚರ್ಮ ಇದೆ, ಹಣೆಯ ಕುಚ್ಚು ಇಲ್ಲ ಎಂದರೆ ಗೊರವಂಕ. ಚರ್ಮ ಇಲ್ಲ, ಕುಚ್ಚು ಇದೆ ಎಂದರೆ ಕಾಡುಮೈನಾ. ಎರಡೂ ಇದ್ದರೆ ದಂಡೆಮೈನಾ. ಇದರಲ್ಲಿ ಒಂದೇ ಒಂದು ಬಣ್ಣದ ಹೆಸರು ಬರಲಿಲ್ಲ ಎನ್ನುವುದನ್ನು ಗಮನಿಸಿ. ಪುಸ್ತಕಗಳಲ್ಲಿ ಹಳದಿ ಕಣ್ಣಮಚ್ಚೆ, ಇಟ್ಟಿಗೆ ಕೆಂಪು ಕಣ್ಣಮಚ್ಚೆ, ನೀಲಿ ಬುಡದ ಕೊಕ್ಕು ಎಂದೆಲ್ಲ ಬರೆದಿರುತ್ತದೆ. ಬರೆದದ್ದು ಸರಿಯೇ. ಕೈಯಲ್ಲಿ ಹಕ್ಕಿ ಹಿಡಿದು ನೋಡುವವನಿಗೆ, ಬೆಳಗಿನ ಒಳ್ಳೆಯ ಬೆಳಕಿನಲ್ಲಿ ದುರ್ಬೀನು ಹಿಡಿದವನಿಗೆ ಬಣ್ಣ ಸಾಕು. ಆದರೆ ನಾವು ಇಲ್ಲಿ ನೋಡುತ್ತಿರುವುದು ಹಕ್ಕಿಯನ್ನಲ್ಲ, ಹಕ್ಕಿಯ ಫೋಟೋವನ್ನು. ಫೋಟೋದಲ್ಲಿ ಬಣ್ಣ ಎನ್ನುವುದು ಹಕ್ಕಿಯದಷ್ಟೇ ಅಲ್ಲ. ಸಂಜೆಯ ಬಿಸಿಲಿನ ಪಾಲು, ಕ್ಯಾಮೆರಾದ ಪಾಲು, ಮೊಬೈಲಿನಲ್ಲಿ ಹೊಳಪು ಏರಿಸಿದ ಬೆರಳಿನ ಪಾಲು ಎಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ. ಆಕಾರಕ್ಕೆ ಈ ತೊಂದರೆ ಕಡಿಮೆ. ಆದ್ದರಿಂದ ನನ್ನ ಅಭ್ಯಾಸ ಹೀಗೆ: ಮೊದಲು ಬಣ್ಣ ಎಲ್ಲಿದೆ ಎಂದು ಕೇಳುತ್ತೇನೆ, ಯಾವ ಬಣ್ಣ ಎಂದು ಆಮೇಲೆ.

ಕಣ್ಣಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಬಳಿಗೆ ಬರುವ ತಪ್ಪು ಹೆಸರಿನ ಫೋಟೋಗಳಲ್ಲಿ ಹೆಚ್ಚಿನವು ಇಲ್ಲೇ ಎಡವಿರುತ್ತವೆ.

ಈಗ ಬಣ್ಣದ ಚಿತ್ರ. ಇದು ನಮ್ಮ ಗೊರವಂಕ. ಹಳದಿ ಎಲ್ಲಿದೆ? ಕಣ್ಣಿನಲ್ಲಲ್ಲ, ಕಣ್ಣಿನ ಹೊರಗೆ. ಕಣ್ಣು ಕಂದುಗೆಂಪು. ಚಿಕ್ಕ ಫೋಟೋದಲ್ಲಿ ಆ ಕಣ್ಣು ಕರಿತಲೆಯಲ್ಲಿ ಮುಳುಗಿಹೋಗಿ ಹಳದಿ ತುಣುಕು ಒಂದೇ ಕಾಣುತ್ತದೆ. ಹಾಗಾಗಿ ಅನೇಕರು ಹಳದಿ ಕಣ್ಣಿನ ಹಕ್ಕಿ ಎಂದು ಬರೆಯುತ್ತಾರೆ. ಮುಂದಿನ ಚಿತ್ರ ಕಾಡುಮೈನಾದ್ದು, ನಮ್ಮ ಪಶ್ಚಿಮಘಟ್ಟದ ಕಡೆಯದು. ಇಲ್ಲಿ ತಿಳಿಯಾಗಿ ಕಾಣುವುದು ಕಣ್ಣಿನ ಹೊರಗಿನ ಚರ್ಮವಲ್ಲ, ಕಣ್ಣೇ. ನಡುವೆ ಕಪ್ಪು ಪಾಪೆ, ಅದರ ಸುತ್ತ ನೀಲಿಬೆರೆತ ಬಿಳಿಯ ಬಳೆ. ಅದಕ್ಕೇ ಈ ಹಕ್ಕಿ ಯಾವಾಗಲೂ ಬೆರಗಿನಿಂದ ದಿಟ್ಟಿಸುವ ಹಾಗೆ ಕಾಣುವುದು. ದಕ್ಷಿಣ ಭಾರತದ ಈ ಉಪಜಾತಿಯನ್ನು 1832ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವರ್ಣಿಸಿ ಮಹ್ರಾಟೆನ್ಸಿಸ್ ಎಂದು ಕರೆದ. ಮರಾಠಾ ನಾಡಿನದು ಎಂದರ್ಥ. ಈ ಸಲ ಹೆಸರಿನಲ್ಲಿ ಊರು ತಪ್ಪಿಲ್ಲ.

ಆದರೆ ಹಿಮಾಲಯದ ಬುಡಕ್ಕೆ ಹೋಗಿ ಇದೇ ಕಾಡುಮೈನಾವನ್ನು ನೋಡಿದರೆ ಆ ಬಳೆ ನೀಲಿಯಲ್ಲ, ಹಳದಿ! ನಮ್ಮವರು ಬೇಸಿಗೆ ರಜೆಯಲ್ಲಿ ಉತ್ತರಾಖಂಡಕ್ಕೆ ಹೋಗಿ ಬಂದು ಕಳುಹಿಸುವ ಫೋಟೋಗಳಲ್ಲಿ ಇದು ಬರುತ್ತದೆ. ಕಣ್ಣಿನ ಬಳಿ ಹಳದಿ ಕಂಡಿತು, ಹಾಗಾದರೆ ಗೊರವಂಕ ಎಂದು ಬರೆದಿರುತ್ತಾರೆ. ಇನ್ನು ಕೆಲವರು ಸ್ವಲ್ಪ ಓದಿಕೊಂಡವರು. ಕಾಡುಮೈನಾಕ್ಕೆ ನೀಲಿ ಕಣ್ಣು ಇರಬೇಕು, ಇದಕ್ಕೆ ಹಳದಿ, ಆದ್ದರಿಂದ ಇದು ಬೇರೆ ಯಾವುದೋ ಅಪರೂಪದ್ದು ಎಂದು ಬರೆದಿರುತ್ತಾರೆ. ಇಬ್ಬರೂ ಬಣ್ಣವನ್ನು ಓದಿದರು, ಜಾಗವನ್ನು ಓದಲಿಲ್ಲ. ಕಪ್ಪು ಪಾಪೆಯ ಸುತ್ತ ದುಂಡಗೆ ಬಳೆಯಂತೆ ಇದ್ದರೆ ಅದು ಕಣ್ಣು. ಕಣ್ಣನ್ನು ಬಿಟ್ಟು ಹಿಂದಕ್ಕೆ ಚಾಚಿದ್ದರೆ ಅದು ಚರ್ಮ. ಫೋಟೋ ದೊಡ್ಡದು ಮಾಡಿ ಇದೊಂದನ್ನು ನೋಡಿದರೆ ಸಾಕು.

ದಂಡೆಮೈನಾದ ಕಣ್ಣಮಚ್ಚೆ ಗೊರವಂಕದ್ದೇ ಆಕಾರ, ಅದೇ ಜಾಗ. ಬಣ್ಣ ಮಾತ್ರ ಹಳದಿಯಲ್ಲ, ಹೆಂಚಿನ ಕೆಂಪು. ಕಣ್ಣೂ ಕಡುಗೆಂಪು. ಹಾಗಾಗಿ ದಂಡೆಮೈನಾವನ್ನು ಗೊರವಂಕದಿಂದ ಬೇರೆ ಮಾಡುವಾಗ ಕಣ್ಣಿನ ಆಕಾರ ನೆರವಾಗುವುದಿಲ್ಲ, ಅಲ್ಲಿ ಬಣ್ಣವನ್ನೇ ಕೇಳಬೇಕಾಗುತ್ತದೆ. ಇಲ್ಲೇ ಮೋಸ ಹೋಗುವುದು. ಸೂರ್ಯ ಮುಳುಗುವ ಹೊತ್ತಿನ ಬೆಳಕಿನಲ್ಲಿ ಗೊರವಂಕದ ಹಳದಿ ಕಿತ್ತಳೆಯಾಗುತ್ತದೆ. ಬೀದಿಯ ಹಳದಿ ದೀಪದಡಿ ಇನ್ನೂ ಕೆಂಪಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ದಂಡೆಮೈನಾ ಸಿಕ್ಕಿತು ಎಂದು ಸಂಭ್ರಮದಿಂದ ಬಂದ ಮೂರು ಫೋಟೋಗಳನ್ನು ನಾನು ನೋಡಿದ್ದೇನೆ, ಮೂರೂ ಸಂಜೆ ಆರರ ನಂತರದವು. ಮೂರೂ ಗೊರವಂಕ. ಮೂರರಲ್ಲೂ ಹಣೆ ನುಣುಪಾಗಿತ್ತು, ಅದನ್ನು ಯಾರೂ ನೋಡಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕ್ಯಾಮೆರಾ ಕಪ್ಪುಹಕ್ಕಿಯನ್ನು ಬೆಳಗಿಸಲು ಹೋಗಿ ಇಡೀ ಚಿತ್ರವನ್ನೇ ಹೆಚ್ಚು ಬೆಳಗಿಸುತ್ತದೆ. ಆಗ ದಂಡೆಮೈನಾದ ಕೆಂಪು ಮಚ್ಚೆ ತೊಳೆದುಹೋದ ಹಾಗೆ ಹಳದಿಕಿತ್ತಳೆಯಾಗಿ ಕಾಣುತ್ತದೆ.

ಇದಕ್ಕೆ ಉಪಾಯ ಫೋಟೋದೊಳಗೇ ಇರುತ್ತದೆ. ನಿಜಕ್ಕೂ ಬಿಳಿ ಎಂದು ನಿಮಗೆ ಗೊತ್ತಿರುವ ವಸ್ತು ಯಾವುದಾದರೂ ಚಿತ್ರದಲ್ಲಿ ಇದೆಯೇ ಎಂದು ಹುಡುಕಿ. ಸುಣ್ಣದ ಗೋಡೆ, ಕಾಗದದ ಲೋಟ, ಪಕ್ಕದಲ್ಲಿ ನಿಂತ ಬೆಳ್ಳಕ್ಕಿ, ಏನಾದರೂ. ಅದು ಚಿತ್ರದಲ್ಲಿ ಕಿತ್ತಳೆಯಾಗಿ ಕಂಡರೆ ಹಕ್ಕಿಯ ಮಚ್ಚೆಯ ಕಿತ್ತಳೆಯನ್ನೂ ಅಷ್ಟರಮಟ್ಟಿಗೆ ಕಳೆಯಿರಿ. ಅದು ನೀಲಿಯಾಗಿ ಕಂಡರೆ ಮಚ್ಚೆ ನಿಜದಲ್ಲಿ ಇನ್ನಷ್ಟು ಕೆಂಪು ಎಂದು ತಿಳಿಯಿರಿ. ಕಂಪ್ಯೂಟರಿನಲ್ಲಿ ವೈಟ್ ಬ್ಯಾಲೆನ್ಸ್ ಸರಿಪಡಿಸಲು ಬರುವವರು ಆ ಬಿಳಿ ವಸ್ತುವಿನ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಮುಗಿಯಿತು. ಅದನ್ನು ಬಿಟ್ಟು ಹಕ್ಕಿ ಚೆನ್ನಾಗಿ ಕಾಣಲಿ ಎಂದು ಬಣ್ಣ ಏರಿಸಿದ ಫೋಟೋವನ್ನು ಗುರುತಿಗೆ ಕಳುಹಿಸಬೇಡಿ. ಮೇಕಪ್ ಮಾಡಿಕೊಂಡು ವೈದ್ಯರ ಬಳಿ ಹೋದ ಹಾಗಾಗುತ್ತದೆ.

ಕೊಕ್ಕಿನ ಬಗ್ಗೆ ಹೇಳಬೇಕಾದ್ದು ಕಡಿಮೆ, ಆದರೆ ಕಾಡುಮೈನಾಕ್ಕೆ ಅದು ಮುದ್ರೆ ಒತ್ತಿದ ಹಾಗೆ. ಗೊರವಂಕದ ಕೊಕ್ಕು ಬುಡದಿಂದ ತುದಿಯವರೆಗೆ ಹಳದಿ. ದಂಡೆಮೈನಾದ್ದು ಕಿತ್ತಳೆ ಬೆರೆತ ಹಳದಿ, ಅದೂ ಉದ್ದಕ್ಕೂ ಒಂದೇ ಬಣ್ಣ. ಕಾಡುಮೈನಾದ್ದು ಮಾತ್ರ ಎರಡು ಬಣ್ಣದ ಕೊಕ್ಕು. ತುದಿಯ ಕಡೆ ಕಿತ್ತಳೆ ಹಳದಿ, ಬುಡದಲ್ಲಿ ನೀಲಿಗಪ್ಪು. ಕಪ್ಪು ಬಿಳುಪು ಚಿತ್ರಕ್ಕೆ ಹಿಂದಿರುಗುತ್ತೇನೆ, ನೋಡಿ, ನಡುವಿನ ಹಕ್ಕಿಯ ಕೊಕ್ಕಿನ ಬುಡ ಬಣ್ಣವಿಲ್ಲದೆಯೂ ಕಪ್ಪಾಗಿ ಕಾಣುತ್ತಿದೆ. ಅಂದರೆ ಇಲ್ಲಿಯೂ ನೀಲಿ ಹೌದೋ ಅಲ್ಲವೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬುಡಕ್ಕೂ ತುದಿಗೂ ನಡುವೆ ತೀವ್ರತೆಯ ವ್ಯತ್ಯಾಸ ಇದೆಯೇ ಎಂದು ಕೇಳಿದರೆ ಸಾಕು.

ಮೋಸ ಎರಡು ಕಡೆಯಿಂದ ಬರುತ್ತದೆ. ಒಂದು, ಕೆಸರು. ಉಳುಮೆಯ ಗದ್ದೆಯಲ್ಲಿ ಹುಳ ಕೆದಕುವ ಗೊರವಂಕದ ಕೊಕ್ಕಿಗೆ ಮಣ್ಣು ಮೆತ್ತಿರುತ್ತದೆ. ಆದರೆ ಮಣ್ಣು ಮೆತ್ತುವುದು ತುದಿಗೆ ಹೆಚ್ಚು, ಬುಡಕ್ಕೆ ಕಡಿಮೆ, ಕಾಡುಮೈನಾದ್ದು ತದ್ವಿರುದ್ಧ. ಇನ್ನೊಂದು, ಮರಿಗಳು. ಆ ವರ್ಷ ಗೂಡು ಬಿಟ್ಟ ಕಾಡುಮೈನಾದ ಕೊಕ್ಕಿನ ಬುಡದಲ್ಲಿ ನೀಲಿಗಪ್ಪು ಇನ್ನೂ ಬಂದಿರುವುದಿಲ್ಲ, ಕೊಕ್ಕು ಪೂರ್ತಿ ಹಳದಿಯಾಗಿ ಕಾಣುತ್ತದೆ. ಹಣೆಯ ಕುಚ್ಚೂ ಸರಿಯಾಗಿ ಬೆಳೆದಿರುವುದಿಲ್ಲ, ಮೈ ಕಂದು. ಹಳದಿ ಕೊಕ್ಕು, ಕುಚ್ಚಿಲ್ಲದ ಹಣೆ, ಕಂದು ಮೈ ಎಂದು ಮೂರನ್ನು ಕೂಡಿಸಿ ಗೊರವಂಕ ಎಂದು ಬರೆದುಬಿಡುತ್ತಾರೆ. ಆ ಮೂರು ಹೊಂದಿದರೂ ನಾಲ್ಕನೆಯದು ಹೊಂದುವುದಿಲ್ಲ. ಗೊರವಂಕದ ಮರಿಗೂ ಕಣ್ಣಿನ ಹಿಂದೆ ಬೋಳು ಚರ್ಮ ಇರುತ್ತದೆ, ಮಂಕಾಗಿ, ಚಿಕ್ಕದಾಗಿ, ಆದರೆ ಇರುತ್ತದೆ. ಕಾಡುಮೈನಾದ ಮರಿಗೆ ಇರುವುದಿಲ್ಲ. ಮರಿಗಳ ಮಟ್ಟಿಗೆ ಕೊಕ್ಕನ್ನೂ ಕುಚ್ಚನ್ನೂ ಪಕ್ಕಕ್ಕಿಟ್ಟು ಕಣ್ಣೊಂದನ್ನೇ ನಂಬುತ್ತೇನೆ. ಫೋಟೋದಲ್ಲಿ ಕಣ್ಣು ಸ್ಪಷ್ಟವಿಲ್ಲದಿದ್ದರೆ ಹೆಸರು ಬರೆಯುವುದಿಲ್ಲ.

ಇನ್ನು ತಲೆಯ ಪುಕ್ಕ. ಇದರಲ್ಲಿ ಎಡವುವವರು ಹೊಸಬರಲ್ಲ, ಸ್ವಲ್ಪ ಅನುಭವವಿರುವವರು. ಜುಟ್ಟು ಕಂಡ ಕೂಡಲೇ ಕಾಡುಮೈನಾ ಎನ್ನುತ್ತಾರೆ. ಈ ಚಿತ್ರ ನೋಡಿ, ತಲೆಯ ಮೇಲೆ ಪುಕ್ಕ ಕೆದರಿ ನಿಂತಿದೆ. ಇದು ಗೊರವಂಕ. ಹೆಣ್ಣಿನ ಮುಂದೆ ತಲೆ ಬಗ್ಗಿಸಿ ಎತ್ತಿ ಕೂಗುವಾಗ ಗೊರವಂಕ ತಲೆಯ ಪುಕ್ಕವನ್ನು ನಿಮಿರಿಸುತ್ತದೆ. ಗಾಳಿಗೆ ಬೆನ್ನು ಕೊಟ್ಟು ಕುಳಿತರೂ ಹೀಗೇ ಆಗುತ್ತದೆ, ಸ್ನಾನ ಮಾಡಿ ಮೈ ಒದರಿದಾಗಲೂ ಆಗುತ್ತದೆ. ವ್ಯತ್ಯಾಸ ಮತ್ತೆ ಜಾಗದ್ದೇ. ಗೊರವಂಕದಲ್ಲಿ ಕೆದರುವುದು ನೆತ್ತಿ ಮತ್ತು ಕುತ್ತಿಗೆಯ ಹಿಂಭಾಗ. ಕಾಡುಮೈನಾದ ಕುಚ್ಚು ಇರುವುದು ನೆತ್ತಿಯಲ್ಲಲ್ಲ, ಹಣೆಯಲ್ಲಿ, ಕೊಕ್ಕಿನ ಬುಡಕ್ಕೆ ಅಂಟಿಕೊಂಡು. ಪಕ್ಕದಿಂದ ತೆಗೆದ ಫೋಟೋದಲ್ಲಿ ಹಣೆಯ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಗೊರವಂಕದಲ್ಲಿ ಕೊಕ್ಕಿನಿಂದ ನೆತ್ತಿಗೆ ಗೆರೆ ಸಲೀಸಾಗಿ ಏರುತ್ತದೆ. ಕಾಡುಮೈನಾದಲ್ಲಿ ಕೊಕ್ಕು ಮುಗಿದ ಕೂಡಲೇ ಒಂದು ಮುಳ್ಳುಬೇಲಿ ಎದುರಾಗುತ್ತದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಕುಚ್ಚು ಹಿಂದಿನ ಕರಿತಲೆಯೊಡನೆ ಬೆರೆತು ಕಾಣದೇ ಹೋಗುತ್ತದೆ. ದಂಡೆಮೈನಾದ ಗಿಡ್ಡ ಕುಚ್ಚಂತೂ ಎದುರಿನಿಂದ ಬಹುಪಾಲು ಕಾಣುವುದಿಲ್ಲ. ಅದಕ್ಕೇ ಪಕ್ಕದ ಚಿತ್ರ ಒಂದಾದರೂ ಇರಲಿ ಎಂದು ಬೇಡಿಕೊಳ್ಳುತ್ತೇನೆ.

ಕುಚ್ಚಿನ ಬಗ್ಗೆ ಇನ್ನೊಂದು ಮಾತು, ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ. ಕಾಫಿ ತೋಟಗಳಲ್ಲಿ ನೆರಳಿಗೆ ಹಾಲುವಾಣ ನೆಟ್ಟಿರುತ್ತಾರೆ. ಅದು ಹೂಬಿಟ್ಟಾಗ, ಬೂರುಗ ಹೂಬಿಟ್ಟಾಗ, ಕಾಡುಮೈನಾಗಳು ಮಕರಂದಕ್ಕೆ ಮುಗಿಬೀಳುತ್ತವೆ. ಹೂವಿನೊಳಗೆ ಕೊಕ್ಕು ತೂರಿಸಿದಾಗ ಹಣೆಯ ಆ ಕುಚ್ಚು ಕುಂಚದ ಹಾಗೆ ಪರಾಗವನ್ನು ಬಳಿದುಕೊಳ್ಳುತ್ತದೆ. ಮುಂದಿನ ಹೂವಿಗೆ ಅದನ್ನೇ ಒರೆಸುತ್ತದೆ. ಹೂವಿನ ಪರಾಗ ಸಾಗಿಸಲು ಇಂಥ ಕುಚ್ಚು ಹೇಳಿ ಮಾಡಿಸಿದ ಹಾಗಿದೆ ಎಂದು ಪಕ್ಷಿತಜ್ಞರು ಬರೆದಿದ್ದಾರೆ. ನಮಗೆ ಬೇಕಾದ ಸಂಗತಿ ಬೇರೆ: ಪರಾಗ ಮೆತ್ತಿದ ಕಾಡುಮೈನಾದ ಹಣೆ ಫೋಟೋದಲ್ಲಿ ಹಳದಿಯಾಗಿಯೋ ಕಂದಾಗಿಯೋ ಕಾಣುತ್ತದೆ. ಕೊಡಗಿನ ಒಬ್ಬ ಮಿತ್ರರು ಹಳದಿ ಹಣೆಯ ಹೊಸ ಮೈನಾ ಎಂದು ಒಂದು ಚಿತ್ರ ಕಳುಹಿಸಿದ್ದರು. ನಾನು ಕೇಳಿದ್ದು ಒಂದೇ ಪ್ರಶ್ನೆ, ಅದು ಕುಳಿತಿದ್ದ ಮರ ಯಾವುದು? ಹಾಲುವಾಣ ಎಂದರು. ಇಬ್ಬರೂ ನಕ್ಕೆವು.

ಇದಕ್ಕೆ ಜೋಡಿಯಾಗಿ ಬೋಳುತಲೆಯ ಗೊರವಂಕ. ಪ್ರತಿ ವರ್ಷ ಒಂದಾದರೂ ಬರುತ್ತದೆ. ತಲೆಯ ಪುಕ್ಕ ಎಲ್ಲ ಉದುರಿ ಇಡೀ ತಲೆ ಹಳದಿ ಚರ್ಮ, ರಣಹದ್ದಿನ ಮರಿಯ ಹಾಗೆ. ಪುಕ್ಕಕ್ಕೆ ಹತ್ತುವ ನುಸಿಗಳನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ. ಹೊಸ ಜಾತಿಯಲ್ಲ, ಬೆಟ್ಟದ ಮೈನಾವೂ ಅಲ್ಲ. ಬೆಟ್ಟದ ಮೈನಾದ ತಲೆಯಲ್ಲಿ ಹಳದಿ ಚರ್ಮ ಜೋಲಾಡುತ್ತದೆ ಹೌದು, ಆದರೆ ಅದರ ಮೈ ಪೂರ್ತಿ ಹೊಳೆಯುವ ಕಪ್ಪು. ಬೋಳುತಲೆಯ ಗೊರವಂಕದ ಮೈ ಎಂದಿನ ಕಂದೇ.

ಮೈ ಬಣ್ಣದ ಬಗ್ಗೆ ನಾನು ಈವರೆಗೆ ಬೇಕೆಂದೇ ಮಾತಾಡಲಿಲ್ಲ. ಗೊರವಂಕ ಕಾಫಿಪುಡಿಯ ಕಂದು, ಕಾಡುಮೈನಾ ಬೂದುಗಂದು, ದಂಡೆಮೈನಾ ನೀಲಿ ಬೆರೆತ ಬೂದಿ. ಎದುರು ನಿಂತರೆ ಸ್ಪಷ್ಟ, ಫೋಟೋದಲ್ಲಿ ನೆರಳು ಬಿದ್ದರೆ ಮೂರೂ ಒಂದೇ. ಆದರೆ ರೆಕ್ಕೆಯ ಮಚ್ಚೆಯನ್ನು ಮಾತ್ರ ಮರೆಯಬೇಡಿ. ಗೊರವಂಕ ಹಾರಿದರೆ ರೆಕ್ಕೆಯಲ್ಲಿ ದೊಡ್ಡ ಬಿಳಿ ಮಚ್ಚೆ, ಬಾಲದ ತುದಿಯೂ ಬಿಳಿ. ಕಾಡುಮೈನಾದ್ದು ಬಿಳಿಯೇ, ಮಚ್ಚೆ ಚಿಕ್ಕದು. ದಂಡೆಮೈನಾದ ರೆಕ್ಕೆಯ ಮಚ್ಚೆಯೂ ಬಾಲದ ತುದಿಯೂ ಬಿಳಿಯಲ್ಲ, ಚಹಾ ಬಿದ್ದ ಬಟ್ಟೆಯ ಹಾಗೆ ಕಂದುಕಿತ್ತಳೆ. ಕಣ್ಣಮಚ್ಚೆಯ ಕೆಂಪು ನಂಬಲಾಗದಿದ್ದಾಗ ಈ ರೆಕ್ಕೆಯ ಮಚ್ಚೆ ನಮ್ಮ ಕೈ ಹಿಡಿಯುತ್ತದೆ. ಒಂದು ಫೋಟೋ ಕುಳಿತ ಹಕ್ಕಿಯದು, ಒಂದು ರೆಕ್ಕೆ ಬಿಚ್ಚಿದ್ದು ಇದ್ದರೆ ವಾದವೇ ಬರುವುದಿಲ್ಲ.

ಈಗ ಒಂದೇ ಫೋಟೋವನ್ನು ಮೊದಲಿನಿಂದ ಕೊನೆಯವರೆಗೆ ಓದೋಣ. ಇದು ದೆಹಲಿಯ ಒಂದು ರೈಲು ನಿಲ್ದಾಣದಲ್ಲಿ ಜನವರಿಯ ಮುಂಜಾನೆ ತೆಗೆದದ್ದು. ತೆಗೆದವರು ನಮ್ಮವರೇ, ಕೆಲಸದ ಮೇಲೆ ಹೋಗಿದ್ದವರು, ರೈಲು ತಡವಾಗಿದ್ದರಿಂದ ಮೊಬೈಲಿನಲ್ಲಿ ಕ್ಲಿಕ್ಕಿಸಿದ್ದಾರೆ. ಚಹಾದಂಗಡಿಯ ಮುಂದೆ ಐದು ಮೈನಾಗಳು ಬಿಸ್ಕತ್ತಿನ ಪುಡಿ ಹೆಕ್ಕುತ್ತಿವೆ. ಚಿತ್ರದ ಕೆಳಗೆ ಅವರು ಬರೆದದ್ದು, ಎರಡು ಗೊರವಂಕ, ಮೂರು ಕಾಡುಮೈನಾ.

ಊರನ್ನು ನೋಡಿ ನಿರ್ಧಾರ ಮಾಡುವ ಆಸೆಯನ್ನು ಮೊದಲು ತಡೆಯಬೇಕು. ದೆಹಲಿಯ ನಿಲ್ದಾಣಗಳಲ್ಲಿ ದಂಡೆಮೈನಾ ಸಾಮಾನ್ಯ ಎಂದು ನನಗೆ ಗೊತ್ತು, ಗೊತ್ತಿದ್ದದ್ದೇ ಅಪಾಯ. ಗೊತ್ತಿರುವುದನ್ನೇ ಕಣ್ಣು ಹುಡುಕಿ ಕೊಡುತ್ತದೆ. ಆದ್ದರಿಂದ ಕಪ್ಪು ಬಿಳುಪು ಮಾಡಿಕೊಂಡೆ.

ಒಂದನೆಯ ಹಕ್ಕಿ ಎಡತುದಿಯಲ್ಲಿದೆ, ಪಕ್ಕಕ್ಕೆ ನಿಂತಿದೆ. ಕಣ್ಣಿನ ಹಿಂದೆ ತಿಳಿಚರ್ಮ ಇದೆ, ಹಣೆ ನುಣುಪು, ಕೊಕ್ಕು ಒಂದೇ ಬಣ್ಣ. ಗೊರವಂಕ. ಎರಡನೆಯದೂ ಹಾಗೆಯೇ, ಅದರಲ್ಲಿ ತಕರಾರಿಲ್ಲ. ಮೂರನೆಯದನ್ನು ಕಾಡುಮೈನಾ ಎಂದು ಬರೆದಿದ್ದಾರೆ. ಏಕೆ ಎಂದು ಅರ್ಥವಾಗುತ್ತದೆ, ಮೈ ಬೂದಿ, ಹಣೆಯಲ್ಲಿ ಗಿಡ್ಡ ಕುಚ್ಚು ನಿಂತಿದೆ. ದೊಡ್ಡದು ಮಾಡಿ ನೋಡಿದರೆ ಕಣ್ಣಿನ ಹಿಂದೆ ಒಂದು ಜಾಗ ನೆತ್ತಿಯ ಕಪ್ಪಿಗಿಂತ ತುಸು ತಿಳಿಯಾಗಿದೆ. ಗೊರವಂಕದ ಮಚ್ಚೆಯಷ್ಟು ಎದ್ದು ಕಾಣುವುದಿಲ್ಲ. ಕೆಂಪು ಬಣ್ಣ ಕಪ್ಪು ಬಿಳುಪಿಗೆ ಬಂದಾಗ ಹಳದಿಗಿಂತ ಕಪ್ಪಾಗುತ್ತದೆ ಎನ್ನುವುದನ್ನು ನೆನಪಿಡಿ, ನನ್ನ ಪದ್ಧತಿಯ ದುರ್ಬಲ ಜಾಗ ಇದು. ಆದರೆ ಅಂಚು ಸ್ಪಷ್ಟ, ಹಿಂದಕ್ಕೆ ಚೂಪಾಗಿದೆ, ದುಂಡಗಿನ ಬಳೆಯಲ್ಲ. ಚರ್ಮವೇ ಸರಿ. ಅಲ್ಲಿಗೆ ಕಾಡುಮೈನಾ ಎನ್ನುವ ಮಾತು ಬಿದ್ದುಹೋಯಿತು. ಕೊಕ್ಕಿನ ಬುಡ ನೋಡಿದೆ, ಕಪ್ಪಿಲ್ಲ. ಎರಡನೆಯ ಸಾಕ್ಷಿಯೂ ಹೊಂದಿತು.

ಈಗ ಬಣ್ಣವನ್ನು ಮರಳಿ ತಂದೆ. ಕಣ್ಣಮಚ್ಚೆ ಮಂಕು ಕಿತ್ತಳೆ. ಕೆಂಪು ಎನ್ನಲು ಧೈರ್ಯ ಬರಲಿಲ್ಲ. ಪಕ್ಕದಲ್ಲಿ ಬಿದ್ದಿರುವ ಕಾಗದದ ಲೋಟ ನೋಡಿ, ಅದು ನೀಲಿಯಾಗಿ ಕಾಣುತ್ತಿದೆ. ಮಂಜಿನ ಬೆಳಕು ಇಡೀ ಚಿತ್ರಕ್ಕೆ ನೀಲಿ ಬಳಿದಿದೆ. ಲೋಟವನ್ನು ಬಿಳಿ ಮಾಡಿದ ಕೂಡಲೇ ಮಚ್ಚೆ ಹೆಂಚಿನ ಬಣ್ಣಕ್ಕೆ ಬಂದಿತು, ಒಂದನೆಯ ಹಕ್ಕಿಯ ಮಚ್ಚೆ ಹಳದಿಯಾಗಿಯೇ ಉಳಿಯಿತು. ಒಂದೇ ಚಿತ್ರದಲ್ಲಿ, ಒಂದೇ ಬೆಳಕಿನಲ್ಲಿ ಎರಡು ಮಚ್ಚೆಗಳು ಬೇರೆ ಬೇರೆ ಬಣ್ಣ ತೋರಿಸಿದರೆ ಅದಕ್ಕಿಂತ ಒಳ್ಳೆಯ ಹೋಲಿಕೆ ಬೇಕಿಲ್ಲ. ಇದು ದಂಡೆಮೈನಾ.

ನಾಲ್ಕನೆಯದು ಜಿಗಿಯುತ್ತಿದೆ, ತಲೆ ಪೂರ್ತಿ ಮಸುಕು. ಕಣ್ಣೂ ಇಲ್ಲ, ಹಣೆಯೂ ಇಲ್ಲ. ಆದರೆ ರೆಕ್ಕೆ ಬಿಚ್ಚಿಕೊಂಡಿದೆ, ಮಚ್ಚೆ ಕಾಣುತ್ತಿದೆ. ಲೋಟವನ್ನು ಬಿಳಿ ಮಾಡಿದ ಮೇಲೂ ಆ ಮಚ್ಚೆ ಬಿಳಿಯಾಗಲಿಲ್ಲ, ಕಂದುಕಿತ್ತಳೆಯಾಗಿಯೇ ಉಳಿಯಿತು. ಇದೂ ದಂಡೆಮೈನಾ.

ಐದನೆಯ ಹಕ್ಕಿ ಅಂಗಡಿಯ ಬೆಂಚಿನ ಕೆಳಗೆ, ನೆರಳಿನಲ್ಲಿ, ನಮಗೆ ಬೆನ್ನು ಹಾಕಿ ನಿಂತಿದೆ. ತಲೆ ಆ ಕಡೆ, ರೆಕ್ಕೆ ಮಡಿಚಿದೆ, ಬಾಲದ ತುದಿಗೆ ಬೆಂಚಿನ ಕಾಲು ಅಡ್ಡ. ಮೈ ಬೂದಿಯೆಂದರೆ ಬೂದಿ, ಕಂದೆಂದರೆ ಕಂದು. ಜೊತೆಗಿರುವ ಎರಡು ದಂಡೆಮೈನಾ ಆದ್ದರಿಂದ ಇದೂ ಅದೇ ಇರಬೇಕು ಎಂದು ಚಿತ್ರ ಕಳುಹಿಸಿದವರು ಫೋನಿನಲ್ಲಿ ವಾದಿಸಿದರು. ಜೊತೆಗೆ ಎರಡು ಗೊರವಂಕವೂ ಇವೆಯಲ್ಲ ಸ್ವಾಮಿ ಎಂದೆ. ಐದನೆಯದರ ಮುಂದೆ ಮೈನಾ ಎಂದಷ್ಟೇ ಬರೆದು ಚಿತ್ರವನ್ನು ಹಿಂದಿರುಗಿಸಿದೆ.